ಮೇಲ್‌ನೊಳಗಿನ ಕೊಂಕು: ಕಳಿಸುವ ಮುನ್ನ ಹಿಡಿಯುವುದು ಹೇಗೆ?

ಆಫೀಸಿನ ಮೇಲ್‌ಗಳಲ್ಲಿ ‘ಆ್ಯಸ್ ಪರ್ ಮೈ ಲಾಸ್ಟ್ ಈಮೇಲ್’ ಎಂಬ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ‘ಹಿಂದಿನ ಮೇಲ್‌ನಲ್ಲಿ ತಿಳಿಸಿದಂತೆ’ ಎನ್ನುವುದು ಅದರ ಮೇಲ್ನೋಟದ ಅರ್ಥ. ಓದುವವರಿಗೆ ಮಾತ್ರ ‘ಒಮ್ಮೆ ಹೇಳಿದ್ದು ನಿಮಗೆ ತಲೆಗೆ ಹೋಗಲಿಲ್ಲವೇ?’ ಎಂದು ಕೇಳಿಸುತ್ತದೆ. ಬೈಗುಳದ ಒಂದು ಪದವೂ ಇಲ್ಲದೆ ಚುಚ್ಚುವ ಇಂಥ ಮಾತನ್ನು ಬರೆದವರೇ ಗುರುತಿಸುವುದು ಕಷ್ಟ. ನಮ್ಮ ಮನಸ್ಸಿನಲ್ಲಿರುವ ದನಿ ಅಕ್ಷರದಲ್ಲೂ ಇದೆ ಎಂದೇ ನಾವು ನಂಬಿರುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರುಗರ್ ಮತ್ತು ನಿಕೋಲಸ್ ಎಪ್ಲಿ ತಮ್ಮ ಸಂಗಡಿಗರೊಂದಿಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಬರೆದದ್ದು ವ್ಯಂಗ್ಯವೋ ನೇರ ಮಾತೋ ಎಂಬುದು ಓದುವವರಿಗೆ ಸುಮಾರು 78ರಷ್ಟು ಪಾಲು ಸರಿಯಾಗಿ ಗೊತ್ತಾಗುತ್ತದೆ ಎಂದು ಮೇಲ್ ಬರೆದವರು ಎಣಿಸಿದ್ದರು. ನಿಜವಾಗಿ ಗೊತ್ತಾದದ್ದು ಶೇಕಡಾ 56ರಷ್ಟು ಮಾತ್ರ.

ಹಾಗಾಗಿ ಕರಡನ್ನು ನಮ್ಮ ಭಾವನೆಯಿಂದ ಅಳೆಯದೆ, ಅದರಲ್ಲಿರುವ ಸಾಲುಗಳಿಂದಲೇ ಅಳೆಯಬೇಕು. ಒಂದು ಉದಾಹರಣೆ ನೋಡೋಣ. ಲೆಕ್ಕಪತ್ರ ವಿಭಾಗದವರೊಬ್ಬರು ಮಾರಾಟ ವಿಭಾಗದ ಸಹೋದ್ಯೋಗಿಗೆ ಹೀಗೊಂದು ಕರಡು ಬರೆದಿದ್ದಾರೆ ಎಂದುಕೊಳ್ಳಿ:

“ಹಿಂದಿನ ಮೇಲ್‌ನಲ್ಲಿ ಸ್ಪಷ್ಟವಾಗಿ ತಿಳಿಸಿದಂತೆ, ಬಿಲ್‌ಗಳು ಇಷ್ಟರಲ್ಲಿ ಬರಬೇಕಿತ್ತು. ಈಗಾಗಲೇ ಎರಡು ಸಲ ಕೇಳಿದ್ದೇನೆ. ನನ್ನ ಮೇಲ್ ನೀವು ನೋಡಿದ್ದೀರೋ ಇಲ್ಲವೋ ತಿಳಿಯದು. ಇನ್ನಾದರೂ ಬೇಗ ಕಳಿಸಿದರೆ ಉಪಕಾರವಾಗುತ್ತದೆ.”

ಇಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ: ಅನುಮಾನ ಬಂದ ಪದವನ್ನು ಅಳಿಸಿ ನೋಡಿ. ‘ಸ್ಪಷ್ಟವಾಗಿ’, ‘ಈಗಾಗಲೇ’, ‘ಇನ್ನಾದರೂ’ ಇವನ್ನು ತೆಗೆದರೆ ಕೆಲಸಕ್ಕೆ ಬೇಕಾದ ಯಾವ ಮಾಹಿತಿಯೂ ಕಳೆದುಹೋಗುವುದಿಲ್ಲ. ಅಂದರೆ ಆ ಪದಗಳು ಅಲ್ಲಿದ್ದದ್ದು ಎದುರಿನವರ ತಪ್ಪನ್ನು ಎತ್ತಿ ತೋರಿಸಲು. ‘ನೋಡಿದ್ದೀರೋ ಇಲ್ಲವೋ’ ಎಂಬ ಸಾಲಿಗೂ ಇದೇ ಗತಿ. ಅದು ಪ್ರಶ್ನೆಯಂತೆ ಕಂಡರೂ ಉತ್ತರ ಬಯಸುವುದಿಲ್ಲ.

ಇವನ್ನೆಲ್ಲ ಅಳಿಸಿದ ಮೇಲೆ ಉಳಿದದ್ದನ್ನು ಓದಿದರೆ ಇನ್ನೊಂದು ದೋಷ ಕಾಣುತ್ತದೆ. ಯಾವ ಬಿಲ್, ಯಾವ ತಾರೀಖಿನೊಳಗೆ, ಯಾತಕ್ಕೆ ಎಂಬುದು ಈ ಮೇಲ್‌ನಲ್ಲಿ ಎಲ್ಲೂ ಇಲ್ಲ. ಎದುರಿನವರು ಹಳೆಯ ಮೇಲ್ ಹುಡುಕಬೇಕು, ಅದೂ ಬೈಸಿಕೊಂಡ ಮೇಲೆ. ಕೊಂಕು ಬಂದ ಜಾಗದಲ್ಲಿ ಸಾಮಾನ್ಯವಾಗಿ ಮಾಹಿತಿ ಕಾಣೆಯಾಗಿರುತ್ತದೆ. ಆದ್ದರಿಂದ ತಿದ್ದುವುದೆಂದರೆ ಮುಂದೊಂದು ‘ದಯವಿಟ್ಟು’ ಸೇರಿಸುವುದಲ್ಲ, ಕಾಣೆಯಾದದ್ದನ್ನು ತುಂಬುವುದು:

“ಹುಬ್ಬಳ್ಳಿ ಪ್ರವಾಸದ ಎರಡು ಹೋಟೆಲ್ ಬಿಲ್‌ಗಳು ನನಗೆ ಬರಬೇಕಿದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು 20 ಕೊನೆಯ ದಿನ. ಲೆಕ್ಕ ಹೊಂದಿಸಲು ಎರಡು ದಿನ ಬೇಕಾಗುವುದರಿಂದ 17ರ ಸಂಜೆಯೊಳಗೆ ಕಳಿಸಿ. ಬಿಲ್ ಕೈಗೆ ಸಿಗದಿದ್ದರೆ ತಿಳಿಸಿ, ಹೋಟೆಲಿನಿಂದ ನಕಲು ತರಿಸುತ್ತೇನೆ. 10ರಂದು ಕಳಿಸಿದ್ದ ವಿವರ ಕೆಳಗಿದೆ.”

ಮೊದಲ ಕರಡಿನಲ್ಲಿ ‘ನೀವು’ ಮತ್ತು ನಿಮ್ಮ ತಪ್ಪು ಮುಂದಿದ್ದವು. ಇಲ್ಲಿ ಬಿಲ್ ಮತ್ತು ತಾರೀಖು ಮುಂದಿವೆ. ಹಳೆಯ ಮೇಲ್‌ನ ಪ್ರಸ್ತಾಪ ಈಗಲೂ ಇದೆ. ಆದರೆ ಅದು ಕೊನೆಗೆ ಬಂದಿದೆ, ವಿವರವನ್ನೂ ಜೊತೆಗೇ ತಂದಿದೆ. ‘ಕಳಿಸಿ’ ಎಂಬ ನೇರ ಮಾತು ಒರಟಾಗಿ ಕೇಳುವುದಿಲ್ಲ, ಏಕೆಂದರೆ ಕಾರಣ ಅದರ ಪಕ್ಕದಲ್ಲೇ ಇದೆ.

ಹಾಗೆಂದು ಎಲ್ಲವನ್ನೂ ಮೆತ್ತಗೆ ಮಾಡಬೇಕಿಲ್ಲ. ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ, ಬಿಡುವಾದಾಗ ನೋಡಿ’ ಎಂದು ಬರೆದರೆ ಗಡುವೇ ಮರೆಯಾಗುತ್ತದೆ. 17 ಕಳೆದರೂ ಉತ್ತರ ಬಾರದಿದ್ದರೆ, “10 ಮತ್ತು 14ರಂದು ಕೇಳಿದ್ದೆ, ಉತ್ತರ ಬಂದಿಲ್ಲ. ನಾಳೆಯೊಳಗೆ ಬರದಿದ್ದರೆ ಈ ಬಿಲ್‌ಗಳನ್ನು ಈ ತಿಂಗಳ ಲೆಕ್ಕದಲ್ಲಿ ಸೇರಿಸಲಾಗದು” ಎಂದೇ ಬರೆಯಿರಿ. ತಾರೀಖು ಮತ್ತು ಪರಿಣಾಮ ಹೇಳುವುದು ಕೊಂಕಲ್ಲ, ದಾಖಲೆ. ಕರಾರಿನ ಷರತ್ತನ್ನೋ ನಿಯಮವನ್ನೋ ಉಲ್ಲೇಖಿಸುವಾಗ ‘ಪ್ರಕಾರ’ ಎಂಬ ಮಾತಿಗೂ ದೋಷವಿಲ್ಲ.

ಒಂದು ಎಚ್ಚರಿಕೆ: ಸಾಲುಗಳನ್ನೆಲ್ಲ ತಿದ್ದಿಯೂ ‘ಸಿಸಿ’ಯಲ್ಲಿ ಅವರ ಮ್ಯಾನೇಜರ್ ಹೆಸರನ್ನು ಸದ್ದಿಲ್ಲದೆ ಸೇರಿಸಿದರೆ ತೆಗೆದ ಕೊಂಕು ಮರಳಿ ಬಂದಂತೆಯೇ. ಮೇಲಿನವರು ತಿಳಿದಿರಲೇಬೇಕೆಂದರೆ, ಏಕೆ ಸೇರಿಸಿದ್ದೀರಿ ಎಂಬುದನ್ನು ಮೇಲ್‌ನಲ್ಲೇ ಒಂದು ಸಾಲಿನಲ್ಲಿ ಹೇಳಿ. ಹಾಗೆ ಬಾಯಿಬಿಟ್ಟು ಹೇಳಲು ಆಗದ ಕಾರಣವಿದ್ದರೆ ಆ ಹೆಸರನ್ನು ತೆಗೆದುಬಿಡಿ.