ಥಿಂಕ್‌ಪ್ಯಾಡ್ ಕೊಳ್ಳುವ ಮುನ್ನ ಕೇಳಬೇಕಾದ ಮೂರು ಫೋಟೊ

ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರೋಡಿನ ಅಂಗಡಿಗಳಿಗೂ ಬರುತ್ತವೆ, ಒಎಲ್‌ಎಕ್ಸ್‌ನಂಥ ಆನ್‌ಲೈನ್ ತಾಣಗಳಿಗೂ ಬರುತ್ತವೆ. ಲೆನೊವೊದ ಥಿಂಕ್‌ಪ್ಯಾಡ್‌ಗೆ ಅಲ್ಲಿ ಒಳ್ಳೆಯ ಬೇಡಿಕೆ. ಆದರೆ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ‘ಥಿಂಕ್‌ಪ್ಯಾಡ್, ಐ5, 8 ಜಿಬಿ, ಗುಡ್ ಕಂಡೀಶನ್’. ಜೊತೆಗೆ ಮುಚ್ಚಿದ ಲ್ಯಾಪ್‌ಟಾಪ್‌ನ ಒಂದೆರಡು ಫೋಟೊ. ಅದು ಯಾವ ಮಾಡೆಲ್ ಎಂದು ಆ ಫೋಟೊ ಹೇಳುವುದಿಲ್ಲ.

T470 ಮತ್ತು T480 ಎಂಬ ಎರಡು ಮಾಡೆಲ್‌ಗಳನ್ನೇ ನೋಡಿ. ಅದೇ ಕಪ್ಪು ಮೈ, ಅದೇ ಕೀಬೋರ್ಡ್, ನಡುವೆ ಅದೇ ಕೆಂಪು ಗುಂಡಿ. ಒಳಗಿನ ಪ್ರೊಸೆಸರ್ ಮಾತ್ರ ಬೇರೆ. T470ರಲ್ಲಿ ಸಾಮಾನ್ಯವಾಗಿ i5-7200U ಅಥವಾ i5-7300U, T480ರಲ್ಲಿ i5-8250U ಅಥವಾ i5-8350U. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ಪ್ರೊಸೆಸರ್‌ನ ತಲೆಮಾರು. ಏಳನೆಯ ತಲೆಮಾರಿನ ಈ ಐ5ಗಳಲ್ಲಿ ಇರುವುದು ಎರಡು ಕೋರ್, ಎಂಟನೆಯದರಲ್ಲಿ ನಾಲ್ಕು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಈ ಎರಡರಲ್ಲಿ ಎಂಟನೆಯ ತಲೆಮಾರಿನದನ್ನು ಮಾತ್ರ ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮಗಳ ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್ ಇನ್ನೂ ನಾಲ್ಕು ವರ್ಷ ಬಾಳಬೇಕೆನ್ನುವವರಿಗೆ 470ಕ್ಕೂ 480ಕ್ಕೂ ಇರುವ ಅಂತರ ಬಹಳ ದೊಡ್ಡದು.

ಆದ್ದರಿಂದ ದರದ ಮಾತು ಎತ್ತುವ ಮೊದಲೇ ಮಾರುವವರಿಗೆ ಒಂದು ಸಂದೇಶ ಹೋಗಬೇಕು. ‘ಇನ್ನಷ್ಟು ಫೋಟೊ ಕಳಿಸಿ’ ಎಂದು ಸುಮ್ಮನೆ ಕೇಳಿದರೆ ಅದೇ ಮುಚ್ಚಳದ ಫೋಟೊ ಇನ್ನೊಂದು ಕೋನದಿಂದ ಬರುತ್ತದೆ. ಯಾವ ಜಾಗದ್ದು, ಯಾತಕ್ಕೆ ಎಂದು ಬಿಡಿಸಿ ಬರೆಯಬೇಕು. ನಾನು ಬರೆಯುವುದು ಹೀಗೆ:

‘ನಮಸ್ಕಾರ ಸರ್. ನಿಮ್ಮ ಥಿಂಕ್‌ಪ್ಯಾಡ್ ತಗೊಳ್ಳೋ ಆಲೋಚನೆ ಇದೆ. T470, T480 ನೋಡೋಕೆ ಒಂದೇ ಥರ ಇರೋದ್ರಿಂದ ಮಾಡೆಲ್ ಖಚಿತ ಮಾಡ್ಕೋಬೇಕಿತ್ತು. ಮೂರು ಫೋಟೊ ಕಳಿಸ್ತೀರಾ? ಅಡಿಭಾಗದ ಲೇಬಲ್ ಹತ್ತಿರದಿಂದ ಒಂದು, ಎಡಪಕ್ಕದ ಪೋರ್ಟ್‌ಗಳದ್ದು ಒಂದು. ಆಮೇಲೆ ಆನ್ ಮಾಡಿ, ಲೆನೊವೊ ಲೋಗೊ ಬಂದಾಗ F1 ಒತ್ತಿದ್ರೆ ಬರೋ ಸ್ಕ್ರೀನ್‌ದು ಒಂದು. ಸೀರಿಯಲ್ ನಂಬರ್ ಮುಚ್ಚಿದ್ರೂ ಪರವಾಗಿಲ್ಲ. ಮಾಡೆಲ್ ಸರಿಯಿದ್ರೆ ಶನಿವಾರವೇ ಬಂದು ನೋಡ್ತೀನಿ.’

ಸೀರಿಯಲ್ ನಂಬರಿನ ಮಾತು ಬೇಕೆಂದೇ ಸೇರಿಸಿದ್ದು. ಅಪರಿಚಿತರಿಗೆ ಅದನ್ನು ಕೊಡಲು ಅನೇಕರು ಹಿಂಜರಿಯುತ್ತಾರೆ, ಅದು ನ್ಯಾಯವೂ ಹೌದು. ಮಾಡೆಲ್ ತಿಳಿಯಲು ಅದರ ಅಗತ್ಯವೇ ಇಲ್ಲ. ಲೇಬಲ್‌ನಲ್ಲಿ ಬೇಕಾದದ್ದು ಹತ್ತು ಅಕ್ಷರ-ಅಂಕಿಗಳ ಇನ್ನೊಂದು ಸಂಕೇತ. ಅದರ ಮೊದಲ ನಾಲ್ಕು 20L5 ಅಥವಾ 20L6 ಆಗಿದ್ದರೆ T480. 20HD, 20HE, 20JM, 20JN ಇವುಗಳಲ್ಲಿ ಯಾವುದಾದರೂ ಆಗಿದ್ದರೆ T470. 20L7 ಅಥವಾ 20L8 ಕಂಡರೆ ಅದು T480s. ಅದು ತೆಳುವಾದ ಬೇರೆಯೇ ಯಂತ್ರ, T480ರಂತೆ ಹಿಂಭಾಗದ ಬ್ಯಾಟರಿಯನ್ನು ಕೈಯಲ್ಲೇ ಕಳಚಿ ಬದಲಿಸಲು ಬರುವುದಿಲ್ಲ. ಲೇಬಲ್ ಅಕ್ಷರ ಬಲು ಸಣ್ಣದು; ಫ್ಲ್ಯಾಶ್ ಹಾಕಿದರೆ ಬೆಳಕು ಹೊಳೆದು ಏನೂ ಓದಲಾಗುವುದಿಲ್ಲ. ಕಿಟಕಿ ಪಕ್ಕದಲ್ಲಿಟ್ಟು ಓರೆಯಾಗಿ ತೆಗೆಯಿರಿ ಎಂದರೆ ಸ್ಪಷ್ಟವಾಗಿ ಬರುತ್ತದೆ.

ಎಡಪಕ್ಕದ ಫೋಟೊ ಸುಲಭದ ಪರೀಕ್ಷೆ. T480 ಆದರೆ ಅಲ್ಲಿ ಎರಡು ಟೈಪ್-ಸಿ ಪೋರ್ಟ್ ಕಾಣಬೇಕು. T470ರಲ್ಲಿ ಟೈಪ್-ಸಿ ಒಂದೇ. ಚಾರ್ಜರ್‌ಗೆ ಆಯತಾಕಾರದ ಬೇರೆ ಪಿನ್ ಇರುತ್ತದೆ.

ಮೂರನೆಯದರಲ್ಲಿ ತೀರ್ಮಾನ. ಲೇಬಲ್ ಇರುವುದು ಅಡಿಯ ಮುಚ್ಚಳದ ಮೇಲೆ, ಆ ಮುಚ್ಚಳವನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದು. ಪ್ರೊಸೆಸರ್ ಮಾತ್ರ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. F1 ಸ್ಕ್ರೀನಿನಲ್ಲಿ Machine Type Model ಎದುರಿಗೆ ಅದೇ ಹತ್ತು ಅಕ್ಷರದ ಸಂಕೇತ ಇರುತ್ತದೆ, CPU Type ಎದುರಿಗೆ ಪ್ರೊಸೆಸರ್ ಹೆಸರು. ಲೇಬಲ್ಲೂ ಸ್ಕ್ರೀನೂ ಹೊಂದಿದರೆ ಅನುಮಾನ ಬೇಡ. ಹೊಂದದಿದ್ದರೆ ಸ್ಕ್ರೀನನ್ನೇ ನಂಬಿ, ಯಾಕೆ ಹೀಗಾಯಿತೆಂದು ಕೇಳಿ. ಸಂಕೇತದ ಜಾಗದಲ್ಲಿ INVALID ಎಂದಿದ್ದರೆ ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಕೆಲವೊಮ್ಮೆ F1 ಒತ್ತಿದಾಗ ಪಾಸ್‌ವರ್ಡ್ ಕೇಳುತ್ತದೆ, ಮಾರುವವರಿಗೆ ಅದು ಗೊತ್ತಿರುವುದಿಲ್ಲ. ಹಳೆಯ ಕಂಪನಿ ಹಾಕಿದ ಬೀಗ ಅದು. ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಲೆನೊವೊ ಕೈಪಿಡಿಯೇ ಹೇಳುತ್ತದೆ. ಮಾಡೆಲ್ ಸರಿಯಿದ್ದರೂ ಅಂಥದ್ದನ್ನು ನಾನು ಬಿಟ್ಟುಬಿಡುತ್ತೇನೆ. ಇನ್ನು, ‘480ನೇ ಸರ್, ಗ್ಯಾರಂಟಿ’ ಎಂದಷ್ಟೇ ಬರೆದು ಫೋಟೊ ಕಳಿಸದವರಿಗೆ ಇನ್ನೊಮ್ಮೆ ಕೇಳಿ ನೋಡಬಹುದು. ಫೋಟೊ ಬರುವವರೆಗೆ ಮುಂಗಡ ಮಾತ್ರ ಕೊಡಬೇಡಿ.