ಮಾಡೆಲ್ ಕೆಲಸಕ್ಕೆ ಇಳಿದ ಮೇಲೆ

ಮಷೀನ್ ಲರ್ನಿಂಗ್ ಕಲಿತು ಕೆಲಸ ಹುಡುಕುವವರ ರೆಸ್ಯೂಮೆಗಳಲ್ಲಿ ಕೆಲವು ಪ್ರಾಜೆಕ್ಟ್‌ಗಳು ಮತ್ತೆ ಮತ್ತೆ ಕಾಣಿಸುತ್ತವೆ. ಟೈಟಾನಿಕ್ ಹಡಗಿನಲ್ಲಿ ಯಾರು ಬದುಕುಳಿದರು ಎಂದು ಊಹಿಸುವುದು, ಕೈಬರಹದ ಅಂಕಿಗಳನ್ನು ಗುರುತಿಸುವುದು, ಮನೆಯ ಬೆಲೆ ಹೇಳುವುದು. ಪಕ್ಕದಲ್ಲಿ ‘ನಿಖರತೆ ಶೇ. 97’ ಎಂದಿರುತ್ತದೆ. ಕಲಿಯುವ ಹಂತಕ್ಕೆ ಇವು ಒಳ್ಳೆಯ ಪಾಠಗಳೇ. ಆದರೆ ಇಲ್ಲಿ ಡೇಟಾ ಎಂದೂ ಬದಲಾಗುವುದಿಲ್ಲ, ಉತ್ತರ ಮೊದಲೇ ಕೈಯಲ್ಲಿರುತ್ತದೆ, ಊಹೆ ತಪ್ಪಿದರೆ ಯಾರ ದುಡ್ಡೂ ಹೋಗುವುದಿಲ್ಲ. ಕೆಲಸ ಕೊಡುವವರು ತಿಳಿಯಬಯಸುವುದು ಈ ಮೂರೂ ಇಲ್ಲದ ಕಡೆ ಅಭ್ಯರ್ಥಿ ಏನು ಮಾಡಿದ್ದಾರೆ ಎಂಬುದನ್ನು.

ಪರೀಕ್ಷೆಯಲ್ಲಿ ಬಂದ ಅಂಕಕ್ಕೂ ವ್ಯಾಪಾರಕ್ಕಾದ ಲಾಭಕ್ಕೂ ನಂಟು ಎಷ್ಟು ಸಡಿಲ ಎಂಬುದಕ್ಕೆ ಗಟ್ಟಿ ಸಾಕ್ಷ್ಯವೊಂದಿದೆ. ಹೋಟೆಲ್ ಬುಕಿಂಗ್ ತಾಣ ಬುಕಿಂಗ್ ಡಾಟ್ ಕಾಮ್‌ನ ತಂಡವೊಂದು, ತಾನು ಬಳಕೆಗೆ ತಂದ ಸುಮಾರು 150 ಮಾಡೆಲ್‌ಗಳ ಅನುಭವವನ್ನು 2019ರಲ್ಲಿ ಪ್ರಬಂಧವಾಗಿ ಪ್ರಕಟಿಸಿತು. ಅವುಗಳಲ್ಲಿ ಕೆಲವನ್ನು ತೆಗೆದುಕೊಂಡು ನೋಡಿದಾಗ, ಹಳೆಯ ಡೇಟಾದ ಮೇಲೆ ಮಾಡೆಲ್ ಸುಧಾರಿಸಿದ್ದಕ್ಕೂ ನಿಜವಾದ ಗ್ರಾಹಕರಿಂದ ಸಿಕ್ಕ ಲಾಭಕ್ಕೂ ಸಂಬಂಧವೇ ಕಾಣಲಿಲ್ಲ. ಪುಟ ತೆರೆಯುವುದು ಸುಮಾರು ಶೇ. 30ರಷ್ಟು ನಿಧಾನವಾದರೆ ಬುಕಿಂಗ್ ಮಾಡುವವರ ಪ್ರಮಾಣ ಶೇ. 0.5ಕ್ಕೂ ಹೆಚ್ಚು ಕುಸಿಯುತ್ತದೆ ಎಂದೂ ಅವರು ಅಳೆದರು. ಅಂದರೆ ಜಾಣ ಮಾಡೆಲ್ ನಿಧಾನವಾಗಿ ಉತ್ತರ ಕೊಟ್ಟರೆ ತಾನೇ ತಂದ ಲಾಭವನ್ನು ತಾನೇ ತಿಂದುಹಾಕಬಹುದು.

ಇದು ದಿನದ ಕೆಲಸದಲ್ಲಿ ಹೇಗಿರುತ್ತದೆ ಎಂದು ನೋಡಲು, ಭಾರತದ ಆನ್‌ಲೈನ್ ವ್ಯಾಪಾರಿಗಳಿಗೆಲ್ಲ ಗೊತ್ತಿರುವ ತಲೆನೋವೊಂದನ್ನು ತೆಗೆದುಕೊಳ್ಳಬಹುದು: ಕ್ಯಾಶ್ ಆನ್ ಡೆಲಿವರಿ ಆರ್ಡರ್ ಬಾಗಿಲವರೆಗೆ ಹೋಗಿ ‘ಬೇಡ’ ಎನಿಸಿಕೊಂಡು ವಾಪಸ್ ಬರುವುದು. ಹೋಗುವ ಬರುವ ಸಾಗಣೆ ಖರ್ಚೆಲ್ಲ ಮಾರುವವರ ತಲೆಗೆ. ಸೀರೆ ಮಾರುವ ಒಂದು ಅಂಗಡಿಗೆ ದಿನಕ್ಕೆ ಇಂಥ 1000 ಆರ್ಡರ್ ಬರುತ್ತವೆ, 250 ವಾಪಸಾಗುತ್ತವೆ, ಪ್ರತಿಯೊಂದಕ್ಕೂ 120 ರೂಪಾಯಿ ನಷ್ಟ ಎಂದಿಟ್ಟುಕೊಳ್ಳೋಣ. ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳಿವು. ವಾಪಸಾಗುವಂಥ ಆರ್ಡರನ್ನು ಮಾಡೆಲ್ ಮೊದಲೇ ಗುರುತಿಸಬೇಕು, ಸಿಬ್ಬಂದಿ ಆ ಗ್ರಾಹಕರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಮೊದಲ ಬಲೆ ಡೇಟಾದಲ್ಲೇ ಇರುತ್ತದೆ. ಹಳೆಯ ದಾಖಲೆಗಳ ಪಟ್ಟಿಯಲ್ಲಿ ‘ಡೆಲಿವರಿಗೆ ಎಷ್ಟು ಸಲ ಹೋದರು’ ಎಂಬ ಕಾಲಂ ಇರುತ್ತದೆ. ಮೂರು ಸಲ ಹೋದ ಪಾರ್ಸೆಲ್ ಹೆಚ್ಚಾಗಿ ವಾಪಸ್ ಬಂದದ್ದೇ ಆಗಿರುತ್ತದೆ. ಅದನ್ನು ಸೇರಿಸಿಕೊಂಡ ಮಾಡೆಲ್ ಪರೀಕ್ಷೆಯಲ್ಲಿ ಅದ್ಭುತ ಅಂಕ ಗಳಿಸುತ್ತದೆ. ಆದರೆ ಗ್ರಾಹಕರು ಆರ್ಡರ್ ಒತ್ತಿದ ಕ್ಷಣದಲ್ಲಿ ಆ ಕಾಲಂ ಖಾಲಿ! ಹೀಗೆ ಉತ್ತರ ಮೊದಲೇ ಸೋರಿ ಬರುವುದನ್ನು ಕ್ಷೇತ್ರದವರು ‘ಡೇಟಾ ಲೀಕೇಜ್’ ಎನ್ನುತ್ತಾರೆ. ಆರ್ಡರ್ ಬಂದ ಹೊತ್ತಿಗೆ ನಿಜವಾಗಿ ತಿಳಿದಿದ್ದ ಸಂಗತಿಗಳನ್ನು ಮಾತ್ರ ಇಟ್ಟುಕೊಂಡು ಮತ್ತೆ ತರಬೇತಿ ಕೊಟ್ಟಾಗ ಅಂಕ ಇಳಿಯುತ್ತದೆ. ಇಳಿದ ಆ ಅಂಕವೇ ನಂಬಬಹುದಾದದ್ದು.

ಇನ್ನು ಯಾರಿಗೆ ಫೋನ್ ಮಾಡಬೇಕು? ಮಾಡೆಲ್ ಪ್ರತಿ ಆರ್ಡರಿಗೂ ಸೊನ್ನೆಯಿಂದ ಒಂದರ ನಡುವಿನ ಸ್ಕೋರ್ ಕೊಡುತ್ತದೆ, ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಖರ್ಚು ತೀರ್ಮಾನಿಸಬೇಕು. ಒಂದು ಕರೆಗೆ 10 ರೂಪಾಯಿ. ಬಿಗಿಯಾದ ಗೆರೆ ಎಳೆದಾಗ 200 ಆರ್ಡರ್ ಸಿಕ್ಕಿಬೀಳುತ್ತವೆ, ಅವುಗಳಲ್ಲಿ 120 ನಿಜಕ್ಕೂ ವಾಪಸಾಗುವಂಥವು. ಕರೆಯಿಂದ ಅರ್ಧದಷ್ಟು, ಅಂದರೆ 60, ಸಾಗಿಸುವ ಮುಂಚೆಯೇ ರದ್ದಾದರೆ 7200 ರೂಪಾಯಿ ಉಳಿತಾಯ. ಕರೆಗಳಿಗೆ 2000 ಖರ್ಚು. ಕೊಳ್ಳಬೇಕೆಂದೇ ಇದ್ದ 80 ಜನರಲ್ಲಿ ಐವರು ಬೇಸತ್ತು ಬಿಟ್ಟುಹೋದರೆ, ತಲಾ 150 ರೂಪಾಯಿ ಲಾಭದ ಲೆಕ್ಕದಲ್ಲಿ ಇನ್ನೂ 750 ಕಳೆಯಿರಿ. ಕೈಗೆ ಸಿಗುವುದು 4450. ಗೆರೆ ಸಡಿಲಿಸಿದರೆ 520 ಆರ್ಡರ್ ಸಿಗುತ್ತವೆ, ವಾಪಸಾಗುವಂಥವುಗಳಲ್ಲಿ 200 ಬಲೆಗೆ ಬೀಳುತ್ತವೆ. ಕೇಳಲು ಚೆನ್ನಾಗಿದೆ. ಆದರೆ 12,000 ಉಳಿತಾಯದಿಂದ ಕರೆಗಳ 5200 ಮತ್ತು ಬಿಟ್ಟುಹೋದ ಇಪ್ಪತ್ತು ಗ್ರಾಹಕರ 3000 ಕಳೆದರೆ ಉಳಿಯುವುದು 3800 ಮಾತ್ರ. ಹೆಚ್ಚು ಹಿಡಿದ ಮಾಡೆಲ್ ಕಡಿಮೆ ದುಡಿಯಿತು. ಈ ಲೆಕ್ಕ ಬರೆದಿರುವ ಅರ್ಧ ಪುಟ, ನಿಖರತೆಯ ಶೇಕಡಾವಾರಿಗಿಂತ ಎಂಜಿನಿಯರ್ ಬಗ್ಗೆ ಹೆಚ್ಚು ಹೇಳುತ್ತದೆ.

ಮಾಡೆಲ್ ಚಾಲೂ ಆದ ಮೇಲಿನ ತೊಂದರೆ ಬೇರೆ ಬಗೆಯದು, ಅದು ಸದ್ದು ಮಾಡುವುದಿಲ್ಲ. ಆ್ಯಪ್ ತಂಡದವರು ವಿಳಾಸದ ಫಾರ್ಮ್ ಬದಲಿಸಿದರು, ಪಿನ್‌ಕೋಡ್ ಹೊಸ ಹೆಸರಿನಲ್ಲಿ ಬರತೊಡಗಿತು ಎನ್ನಿ. ಮಾಡೆಲ್‌ಗೆ ಸಿಗುವುದು ಖಾಲಿ ಜಾಗ. ಅದು ಕ್ರ್ಯಾಶ್ ಆಗುವುದಿಲ್ಲ, ಎಲ್ಲ ಆರ್ಡರಿಗೂ ಸ್ಕೋರ್ ಕೊಡುತ್ತಲೇ ಇರುತ್ತದೆ, ಸರ್ವರಿನ ದೀಪಗಳೆಲ್ಲ ಹಸಿರು. ಊಹೆ ತಪ್ಪಾಯಿತೆಂದು ಪಾರ್ಸೆಲ್‌ಗಳಿಂದಲೇ ಗೊತ್ತಾಗಬೇಕಾದರೆ ಅವು ವಾಪಸ್ ಬರುವವರೆಗೆ ಒಂದೆರಡು ವಾರ ಕಾಯಬೇಕು. ಅಲ್ಲಿಯತನಕ ಕಾಯದೆ ಎರಡು ಸಂಗತಿ ನೋಡಬಹುದು. ಪ್ರತಿ ಕಾಲಂ ಎಷ್ಟು ಪಾಲು ಖಾಲಿಯಾಗಿ ಬರುತ್ತಿದೆ ಎಂಬುದು ಒಂದು. ಸ್ಕೋರ್‌ಗಳ ಹರವು ಹೇಗಿದೆ ಎಂಬುದು ಇನ್ನೊಂದು. ದಿನಾ ನೂರಕ್ಕೆ ಇಪ್ಪತ್ತು ಆರ್ಡರ್ ಗೆರೆ ದಾಟುತ್ತಿದ್ದಲ್ಲಿ ಇದ್ದಕ್ಕಿದ್ದಂತೆ ಆರೇ ದಾಟಿದರೆ, ಗ್ರಾಹಕರು ರಾತ್ರೋರಾತ್ರಿ ಬದಲಾಗಿರುವ ಸಂಭವ ಕಡಿಮೆ. ಬುಕಿಂಗ್ ಡಾಟ್ ಕಾಮ್ ತಂಡವೂ ಸರಿ ಉತ್ತರ ಕೈಗೆ ಬರುವ ಮೊದಲೇ ಸ್ಕೋರ್‌ಗಳ ಈ ಹರವನ್ನೇ ಗಮನಿಸುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಹರವು ಮೊದಲಿನಂತೆಯೇ ಉಳಿದು ಒಳಗೆ ಗ್ರಾಹಕರ ನಡವಳಿಕೆ ಮಾತ್ರ ಬದಲಾದರೆ ಗ್ರಾಫ್ ಅದನ್ನು ತೋರಿಸದು.

ಅತ್ಯಂತ ಸೂಕ್ಷ್ಮ ಪ್ರಶ್ನೆ ಇನ್ನೊಂದಿದೆ. ಕರೆ ಮಾಡಿದ ಮೇಲೆ ರದ್ದಾದ ಆರ್ಡರ್, ಕರೆ ಮಾಡದಿದ್ದರೆ ವಾಪಸಾಗುತ್ತಿತ್ತೇ? ಗೊತ್ತಾಗುವ ದಾರಿಯೇ ಮುಚ್ಚಿಹೋಗಿರುತ್ತದೆ. ವಾಪಸಾತಿ ಇಳಿದದ್ದಕ್ಕೆ ದೀಪಾವಳಿ ಸೀಸನ್ ಕಾರಣವಿರಬಹುದು, ಕೊರಿಯರ್ ಬದಲಿಸಿದ್ದೂ ಕಾರಣವಿರಬಹುದು. ಅದಕ್ಕಾಗಿ ಅನುಭವಸ್ಥರು ಗೆರೆ ದಾಟಿದ ಆರ್ಡರ್‌ಗಳಲ್ಲಿ ನೂರಕ್ಕೆ ಐದನ್ನೋ ಹತ್ತನ್ನೋ ಚೀಟಿ ಎತ್ತಿದಂತೆ ಆರಿಸಿ, ಕರೆ ಮಾಡದೆ ಹಾಗೇ ಕಳಿಸುತ್ತಾರೆ. ಆ ಗುಂಪಿಗೂ ಉಳಿದವರಿಗೂ ಇರುವ ವ್ಯತ್ಯಾಸವೇ ನಿಜವಾದ ಪರಿಣಾಮ. ಮುಂದೆ ಮಾಡೆಲ್‌ಗೆ ಮರುತರಬೇತಿ ಕೊಡುವಾಗ ಕಲಬೆರಕೆಯಿಲ್ಲದ ಡೇಟಾ ಸಿಗುವುದೂ ಅಲ್ಲಿಂದಲೇ. ಉಳಿಸಬಹುದಾಗಿದ್ದ ದುಡ್ಡನ್ನು ಬೇಕೆಂದೇ ಬಿಡುವುದಕ್ಕೆ ಮಾಲೀಕರನ್ನು ಒಪ್ಪಿಸುವುದು ಸುಲಭವಲ್ಲ. ಒಪ್ಪಿಸಿದ ಬಗೆಯೂ ರೆಸ್ಯೂಮೆಯಲ್ಲಿ ಇರಬೇಕಾದದ್ದೇ.

ಹೀಗೆ ದುಡಿದವರು ಬರೆಯುವ ಸಾಲು ಬೇರೆಯೇ ಇರುತ್ತದೆ: ‘ಆರ್ಡರ್ ವಾಪಸಾತಿ ಊಹಿಸುವ ಮಾಡೆಲ್ ಎಂಟು ತಿಂಗಳಿಂದ ಬಳಕೆಯಲ್ಲಿದೆ. ಕರೆ ಮಾಡದ ಗುಂಪಿಗೆ ಹೋಲಿಸಿದರೆ ವಾಪಸಾತಿ ಇಷ್ಟು ಪಾಲು ಕಡಿಮೆ. ನನ್ನ ಪಾಲಿನ ಕೆಲಸ ನಿಗಾ ವ್ಯವಸ್ಥೆ ಮತ್ತು ಗೆರೆಯ ಲೆಕ್ಕ.’ ಕಂಪನಿಯ ಗುಟ್ಟು ಕಾಯಬೇಕಾದ್ದರಿಂದ ರೂಪಾಯಿಯ ಬದಲು ಅನುಪಾತ ಕೊಟ್ಟರೆ ಸಾಕು. ತಂಡದ ಕೆಲಸವನ್ನೆಲ್ಲ ತನ್ನದೆಂದು ಬರೆದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಇನ್ನೂ ಕೆಲಸವೇ ಸಿಗದವರು ಇದನ್ನೆಲ್ಲ ಎಲ್ಲಿಂದ ತರಬೇಕು? ದಿನವೂ ಬದಲಾಗುವ ಸಾರ್ವಜನಿಕ ಡೇಟಾದಿಂದ ತರಬಹುದು. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ದೇಶದ ಮಾರುಕಟ್ಟೆಗಳ ಕೃಷಿ ಧಾರಣೆ ಸಿಗುತ್ತದೆ. ಕೋಲಾರದ ಟೊಮೆಟೊ ಧಾರಣೆಯನ್ನು ಊಹಿಸುವ ಸಣ್ಣ ಮಾಡೆಲನ್ನು ಅಗ್ಗದ ಸರ್ವರ್ ಮೇಲೆ ಓಡಿಸಿ, ಪ್ರತಿ ಊಹೆಯನ್ನು ಧಾರಣೆ ಬರುವ ಮುಂಚೆಯೇ ವೇಳೆ ಸಮೇತ ದಾಖಲಿಸಿಡಬೇಕು. ಪಕ್ಕದಲ್ಲಿ ‘ನಿನ್ನೆಯ ಧಾರಣೆಯೇ ಇಂದೂ’ ಎಂಬ ಸರಳ ಊಹೆಯನ್ನೂ ಇಡಬೇಕು, ಅದನ್ನು ಸೋಲಿಸುವುದು ಕಷ್ಟವೆಂದು ಬೇಗ ತಿಳಿಯುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಅದಕ್ಕೂ ಹಿಂದಿನ ವರ್ಷಗಳ ಡೇಟಾ ಮಾತ್ರ ಕೊಟ್ಟು ತರಬೇತಿಗೊಳಿಸಿದ ಮಾಡೆಲನ್ನು ಆ ತಿಂಗಳ ಮೇಲೆ ಓಡಿಸಿ, ಅದು ಎಷ್ಟು ತಪ್ಪಿತು, ಎಚ್ಚರಿಕೆಯ ಗಂಟೆ ಯಾವ ದಿನ ಬಾರಿಸಬೇಕಿತ್ತು, ಮರುತರಬೇತಿ ಎಷ್ಟು ದಿನಕ್ಕೊಮ್ಮೆ ಕೊಟ್ಟಿದ್ದರೆ ತಪ್ಪು ಎಷ್ಟು ಇಳಿಯುತ್ತಿತ್ತು ಎಂದು ತೋರಿಸಿದವರ ಬಳಿ, ಸಂದರ್ಶಕರು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳುವಷ್ಟು ವಿಷಯ ಇರುತ್ತದೆ.