ಮೊನಾಲಿಸಾಳ ಚೌಕಟ್ಟಿನಲ್ಲಿ ಹೊಸ ಮುಖ

ಮೊನಾಲಿಸಾಳ ಚಿತ್ರಕ್ಕೆ ಫೋಟೊದ ಮುಖ ಕೂರಿಸುವಾಗ ಮೊದಲು ನೋಡಬೇಕಾದದ್ದು ಬೆಳಕು. ಲಿಯೊನಾರ್ಡೊನ ಚಿತ್ರದಲ್ಲಿ ಅದು ನೋಡುಗರ ಎಡಗಡೆ ಮೇಲಿನಿಂದ ಬೀಳುತ್ತದೆ. ಫೋಟೊದ ಮುಖವೂ ಅಷ್ಟೇ ಓರೆಯಾಗಿ, ಅದೇ ಕಡೆಯ ಬೆಳಕಿನಲ್ಲಿರಬೇಕು. ಇಲ್ಲದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಆಮೇಲೆ ಬಣ್ಣ. ಮೂಲಚಿತ್ರದ ವಾರ್ನಿಶ್ ಹಳದಿಗಟ್ಟಿರುವುದರಿಂದ ಫೋಟೊದಲ್ಲಿ ಅಚ್ಚ ಬಿಳಿ ಎಲ್ಲೂ ಉಳಿಯಬಾರದು.

ಕುಂಚದ ಗೆರೆಯೇ ಕಾಣದಷ್ಟು ತೆಳು ಪದರಗಳಲ್ಲಿ ಬಣ್ಣ ಹಚ್ಚಿದ ಚಿತ್ರವಿದು. ಹಾಗಾಗಿ ಒರಟು ಗೆರೆ ಮೂಡಿಸುವ ಸಿದ್ಧ ಫಿಲ್ಟರ್ ಇಲ್ಲಿ ಕೆಲಸ ಕೆಡಿಸುತ್ತದೆ. ಚರ್ಮದ ರಂಧ್ರಗಳನ್ನು ಅಳಿಸಿ, ತುಟಿಯ ಕೊನೆ ಮತ್ತು ಕಣ್ಣಂಚನ್ನು ಕೈಯಾರೆ ಮೃದುವಾಗಿ ತೀಡಬೇಕು. ಕೊನೆಗೆ ಮೂಲಚಿತ್ರದ ಹಣೆ, ಕೆನ್ನೆಯ ಸಣ್ಣ ಬಿರುಕುಗಳನ್ನು ಬೇರೆ ಪದರವಾಗಿ ತೆಗೆದು ಹೊಸ ಮುಖದ ಮೇಲೆ ಹರಡುತ್ತಾರೆ. ಕತ್ತಿನ ಬಿರುಕು ಗಲ್ಲದ ಬಳಿ ತಟ್ಟನೆ ನಿಂತರೆ ಅಂಟಿಸಿದ್ದು ಬಯಲಾಗುತ್ತದೆ.